ಯಾವೂರಿಂದ ಬಂದ್ರಿ ಅಣ್ಣ?

ನಮ್ಮದು ಚಿಂತಾಮಣಿಯಲ್ಲಿ ಡ್ರಿಪ್ ಸಾಮಾನಿನ ಅಂಗಡಿ. ಪಿವಿಸಿ ಪೈಪು, ಲ್ಯಾಟರಲ್, ಗ್ರೋಮೆಟ್, ಟೇಕಾಫ್, ಎಂಡ್ ಕ್ಯಾಪ್, ಫಿಲ್ಟರ್, ಮಲ್ಚಿಂಗ್ ಪೇಪರ್ ಎಲ್ಲ ಇಡುತ್ತೇವೆ. ನಮ್ಮ ಯಜಮಾನರು ಹೊಲಗಳಿಗೆ ಹೋಗಿ ಫಿಟ್ಟಿಂಗ್ ಮಾಡುತ್ತಾರೆ. ಅಂಗಡಿಯಲ್ಲಿ ಕೂರುವುದು ನಾನು. ಹತ್ತಡಿ ಅಗಲದ ಅಂಗಡಿ, ಅದೂ ದೊಡ್ಡ ರಸ್ತೆಯಿಂದ ಒಳಗೆ, ಎರಡನೇ ತಿರುವಿನಲ್ಲಿ. ಬೋರ್ಡು ರಸ್ತೆಗೆ ಕಾಣುವುದಿಲ್ಲ. ಗೊತ್ತಿದ್ದವರು ಬರುತ್ತಾರೆ, ಗೊತ್ತಿಲ್ಲದವರು ರಸ್ತೆಯ ಮೇಲಿನ ಅಂಗಡಿಗಳಲ್ಲೇ ಕೊಂಡು ಹೋಗುತ್ತಾರೆ. ಇದಕ್ಕೊಂದು ದಾರಿ ಹುಡುಕಬೇಕು ಅಂತಲೇ ಯೂಟ್ಯೂಬ್ ಚಾನೆಲ್ ಶುರು ಮಾಡಿದ್ದು.

ಮೊಬೈಲ್ ಹಿಡಿಯುವುದು ನನ್ನ ತಂಗಿಯ ಮಗ, ಮಾತಾಡುವುದು ನಾನು. ಮೊದಲ ಎರಡು ತಿಂಗಳು ಅಂಗಡಿಯನ್ನೇ ತೋರಿಸಿದೆವು. ಇದು ನಮ್ಮ ಪೈಪು, ಇದು ನಮ್ಮ ಫಿಲ್ಟರ್, ಎಲ್ಲ ಒಳ್ಳೆಯ ಕ್ವಾಲಿಟಿ, ಬನ್ನಿ ಅಂತ. ಹಿಂದೆ ಒಂದು ಸಿನಿಮಾ ಹಾಡು. ನೋಡಿದವರು ನಮ್ಮ ನೆಂಟರು, ಪಕ್ಕದ ಅಂಗಡಿಯವರು. ಹಾಡಿಗೆ ಕಾಪಿರೈಟ್ ಕ್ಲೇಮ್ ಬಂತು. ಆಮೇಲೆ ಹಾಡು ಹಾಕುವುದನ್ನೇ ಬಿಟ್ಟೆವು. ಈಗಲೂ ನಮ್ಮ ವೀಡಿಯೋಗಳಲ್ಲಿ ಹಾಡಿಲ್ಲ. ಹೊಲದಲ್ಲಿ ಮೋಟಾರು ಓಡುವ ಸದ್ದು, ನೀರಿನ ಸದ್ದು ಇರುತ್ತದೆ. ರೈತರಿಗೆ ಅಷ್ಟು ಸಾಕು.

ಮೂರನೇ ತಿಂಗಳು ಒಂದು ರೇನ್‌ಗನ್ ಮಾರಾಟವಾಯಿತು. ಅದನ್ನು ಕೂಡಿಸಿ ಮೋಟಾರು ಹಾಕಿದಾಗ ಬೆಳಗಿನ ಬಿಸಿಲಿಗೆ ನೀರು ಸುತ್ತುವುದನ್ನು ನಮ್ಮ ಹುಡುಗ ಅರ್ಧ ನಿಮಿಷ ಹಿಡಿದು ಶಾರ್ಟ್ಸ್‌ಗೆ ಹಾಕಿದ. ಹತ್ತು ದಿನದಲ್ಲಿ ಎರಡು ಲಕ್ಷ ಜನ ನೋಡಿದರು. ಮನೆಯಲ್ಲಿ ಎಲ್ಲರಿಗೂ ಖುಷಿ. ಫೋನು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. ರಾಯಚೂರು, ವಿಜಯಪುರ, ಅನಂತಪುರ, ಇನ್ನೂ ಎಲ್ಲಿಂದಲೋ. "ಅಕ್ಕ, ರೇಟ್ ಎಷ್ಟು? ಕೊರಿಯರ್ ಮಾಡ್ತೀರಾ? ಸಬ್ಸಿಡಿ ಸಿಗುತ್ತಾ?" ಸಬ್ಸಿಡಿಗೆ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಆಫೀಸಿಗೆ ಹೋಗಿ ಕೇಳಿ ಅಂತ ಒಬ್ಬೊಬ್ಬರಿಗೂ ಹೇಳಿದೆ. ಎದುರಿಗೆ ನಿಂತ ಗಿರಾಕಿಗೆ ಎಂಡ್ ಕ್ಯಾಪ್ ಎಣಿಸಿ ಕೊಡುವಷ್ಟರಲ್ಲಿ ಮೂರು ಸಲ ಫೋನು ಎತ್ತಬೇಕಾಗುತ್ತಿತ್ತು.

ಆಗಲೇ ಒಂದು ನೂರು ಪುಟದ ನೋಟ್‌ಬುಕ್ ತಂದು ಕೌಂಟರ್ ಮೇಲೆ ಇಟ್ಟೆ. ಫೋನು ಬಂದರೆ ಊರು ಬರೆಯುವುದು. ಅಂಗಡಿಗೆ ಹೊಸಬರು ಬಂದರೆ "ಯಾವೂರಿಂದ ಬಂದ್ರಿ ಅಣ್ಣ? ಅಂಗಡಿ ಹೇಗೆ ಗೊತ್ತಾಯ್ತು?" ಅಂತ ಎರಡೇ ಪ್ರಶ್ನೆ ಕೇಳಿ ಬರೆಯುವುದು. ಆ ವಾರ ಅರವತ್ತೊಂದು ಫೋನು ಬಂದಿದ್ದವು. ನಮ್ಮ ತಾಲ್ಲೂಕಿನಿಂದ ಬಂದವು ನಾಲ್ಕು. ಆ ವೀಡಿಯೋ ನೋಡಿ ಅಂಗಡಿಗೆ ಬಂದವರು ಇಬ್ಬರು. ಒಬ್ಬರು ಬೆಲೆ ಕೇಳಿಕೊಂಡು ಹೋದರು.

ನನಗೆ ಇದು ಅರ್ಥವಾಗಲಿಲ್ಲ. ಎರಡು ಲಕ್ಷ ಜನ ನೋಡಿದ್ದು ಸುಳ್ಳಲ್ಲವಲ್ಲ? ಯೂಟ್ಯೂಬ್ ಸ್ಟುಡಿಯೋದಲ್ಲಿ ಅನಾಲಿಟಿಕ್ಸ್ ತೆಗೆದು ಕೂತೆವು. ನೋಡಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಶಾರ್ಟ್ಸ್ ಫೀಡ್‌ನಿಂದ ಬಂದವರು. ಅಂದರೆ ಬೆರಳಲ್ಲಿ ಮೇಲಕ್ಕೆ ತಳ್ಳುತ್ತಾ ಹೋಗುವಾಗ ಎದುರಿಗೆ ಸಿಕ್ಕಿದ್ದನ್ನು ನೋಡಿದವರು. ಅವರು ಏನನ್ನೂ ಹುಡುಕುತ್ತಿರಲಿಲ್ಲ. ನೀರು ಸುತ್ತುವುದು ಚೆನ್ನಾಗಿ ಕಂಡಿತು, ನಿಂತು ನೋಡಿದರು. ಊರುಗಳ ಪಟ್ಟಿ ತೆಗೆದರೆ ಬೆಂಗಳೂರೇ ಮೇಲೆ ಬಂತು. ಚಿಂತಾಮಣಿ ಅನ್ನುವ ಹೆಸರೇ ಕಾಣಲಿಲ್ಲ. ನಮ್ಮ ಎದುರಿಗೇ ಕೂತು ನೋಡಿದವರೂ ಎಲ್ಲಿ ಸೇರಿಹೋದರೋ. ಹತ್ತಿರದವರು ಎಷ್ಟು ಜನ ನೋಡಿದರು ಅನ್ನುವ ಲೆಕ್ಕ ಆ ಪಟ್ಟಿಯಿಂದ ನಮಗೆ ಸಿಗುವುದಿಲ್ಲ ಅಂತ ಅವತ್ತು ತಿಳಿಯಿತು. ನೋಟ್‌ಬುಕ್ ಒಂದೇ ಗತಿ.

ಭಾಷೆಯ ವಿಷಯವೂ ಆಗಲೇ ಹೊಳೆಯಿತು. ನಮ್ಮ ಕಡೆ ಕೌಂಟರ್‌ನಲ್ಲಿ ಅರ್ಧ ಮಾತು ತೆಲುಗೇ. ಹಾಗಾಗಿ ಒಂದೆರಡು ವೀಡಿಯೋ ಪೂರ್ತಿ ತೆಲುಗಿನಲ್ಲಿ ಮಾಡಿದ್ದೆವು. ಅವುಗಳನ್ನು ನೋಡಿ ಫೋನು ಮಾಡಿದವರೆಲ್ಲ ಆಂಧ್ರದ ಒಳಗಿನವರು. ನಮ್ಮ ಜನಕ್ಕೆ ಎರಡು ಭಾಷೆಯೂ ಬರುತ್ತದೆ. ದೂರದವರಿಗೆ ಬರುವುದು ಒಂದೇ. ಅದಕ್ಕೆ ಈಗ ಮಾತು ಕನ್ನಡದಲ್ಲೇ. ನಡುನಡುವೆ ನಮ್ಮೂರಲ್ಲಿ ಬರುವ ಹಾಗೆ ಒಂದೊಂದು ತೆಲುಗು ಮಾತು ಬಂದರೆ ತಡೆಯುವುದಿಲ್ಲ.

ಚಾನೆಲ್‌ನ ದಿಕ್ಕು ಬದಲಾಗಿದ್ದು ಒಂದು ಜಗಳದಿಂದ. ಮುರುಗಮಲ್ಲ ಕಡೆಯ ರೈತರೊಬ್ಬರು ಒಂದು ಚೀಲ ಗ್ರೋಮೆಟ್ ತಂದು ಕೌಂಟರ್ ಮೇಲೆ ಸುರಿದರು. "ಏನಮ್ಮ ಇದು, ಒಂದೂ ನಿಲ್ಲಲ್ಲ, ಎಲ್ಲ ಸೋರ್ತಾ ಇದೆ. ಡೂಪ್ಲಿಕೇಟ್ ಮಾಲು ಕೊಟ್ಟಿದ್ದೀರಿ" ಅಂದರು. ಗ್ರೋಮೆಟ್ ಅಂದರೆ ಪಿವಿಸಿ ಸಬ್‌ಮೇನ್ ಪೈಪಿಗೆ ತೂತು ಹಾಕಿ ಕೂರಿಸುವ ರಬ್ಬರ್. ಅದರೊಳಗೆ ಟೇಕಾಫ್ ಒತ್ತಿ, ಟೇಕಾಫಿಗೆ ಗಿಡದ ಸಾಲಿಗೆ ನೀರು ಒಯ್ಯುವ 16 ಎಂಎಂ ಪೈಪು, ಅಂದರೆ ಲ್ಯಾಟರಲ್ ಸಿಕ್ಕಿಸುತ್ತಾರೆ. ಒಂದು ಎಕರೆ ಟೊಮೆಟೊಗೆ ಇಂಥ ಕೂಡು ಐವತ್ತು ಅರವತ್ತು ಇರುತ್ತವೆ. ಅಷ್ಟೂ ಕಡೆ ಸೋರಿದರೆ ಸಾಲಿನ ಕೊನೆಯ ಗಿಡಕ್ಕೆ ನೀರೇ ಮುಟ್ಟುವುದಿಲ್ಲ. ಅವರ ಸಿಟ್ಟು ನ್ಯಾಯವೇ.

ಯಜಮಾನರು ಅವರ ಗಾಡಿಯಲ್ಲೇ ಹೊಲಕ್ಕೆ ಹೋದರು. ನೋಡಿದರೆ ತೂತುಗಳನ್ನು ಡ್ರಿಲ್ಲಿನಲ್ಲಿ ಹಾಕಿರಲಿಲ್ಲ. ಕಂಬಿಯನ್ನು ಒಲೆಯಲ್ಲಿ ಕಾಯಿಸಿ ಪೈಪಿಗೆ ಚುಚ್ಚಿದ್ದರು. ಹಾಗೆ ಮಾಡಿದರೆ ಪ್ಲಾಸ್ಟಿಕ್ ಕರಗಿ ತೂತು ಮೊಟ್ಟೆಯಾಕಾರ ಆಗುತ್ತದೆ, ಅಂಚು ಉಬ್ಬಿ ನಿಲ್ಲುತ್ತದೆ. ರಬ್ಬರಿನ ಸುತ್ತ ಇರುವ ತೋಡು ಆ ಅಂಚಿಗೆ ಸರಿಯಾಗಿ ಕೂರುವುದಿಲ್ಲ. ರಬ್ಬರ್ ಎಷ್ಟೇ ಚೆನ್ನಾಗಿದ್ದರೂ ಸೋರಲೇಬೇಕು. ಇದು ಅವರೊಬ್ಬರ ಕಥೆಯಲ್ಲ. ಕರೆಂಟ್ ಇಲ್ಲದ ಹೊಲದಲ್ಲಿ ಎಷ್ಟೋ ಜನ ಹೀಗೇ ಮಾಡುತ್ತಾರೆ. ವಾರಕ್ಕೆ ಒಬ್ಬರಾದರೂ ಇದೇ ದೂರು ತರುತ್ತಿದ್ದರು, ನಾನು ಮಾತಿನಲ್ಲಿ ವಿವರಿಸಿ ಕಳಿಸುತ್ತಿದ್ದೆ.

ಮಾರನೇ ದಿನ ಅದೇ ಹೊಲದಲ್ಲಿ ವೀಡಿಯೋ ಮಾಡಿದೆವು. ರೈತರೇ ಒಪ್ಪಿದರು. ಅವರ ಮುಖ ತೋರಿಸಲಿಲ್ಲ, ಕೈ ಮಾತ್ರ. ಮೊದಲು ಸೋರುವ ಜಾಗವನ್ನೇ ಹತ್ತಿರದಿಂದ ತೋರಿಸಿದೆವು. ಆಮೇಲೆ ಕರಗಿದ ತೂತು ಮತ್ತು ಡ್ರಿಲ್ಲಿನ ತೂತು, ಎರಡೂ ಪೈಪಿನ ತುಂಡುಗಳನ್ನು ಅಕ್ಕಪಕ್ಕ ಹಿಡಿದೆವು. ಇದೊಂದು ನೋಟಕ್ಕೆ ಅರ್ಧ ಜನಕ್ಕೆ ವಿಷಯ ತಿಳಿದುಹೋಗುತ್ತದೆ. ಆಮೇಲೆ ಕೆಲಸ. ಪೈಪಿನ ಮೇಲೆ ದಾರ ಎಳೆದು ನೇರಕ್ಕೆ ಗುರುತು ಹಾಕುವುದು. ಆ ಗ್ರೋಮೆಟ್‌ಗೆ ಹೇಳಿರುವ ಸೈಜಿನ ಬಿಟ್ ಮಾತ್ರ ಹಾಕುವುದು, ಒಂದು ಸೈಜ್ ದೊಡ್ಡದಾದರೂ ಸೋರುತ್ತದೆ. ತೂತಿನ ಅಂಚಿನ ಮುಳ್ಳನ್ನು ಚಾಕುವಿನಿಂದ ತೆಗೆಯುವುದು, ಇಲ್ಲದಿದ್ದರೆ ಅದೇ ರಬ್ಬರನ್ನು ಕೊಯ್ಯುತ್ತದೆ. ರಬ್ಬರ್ ಕೂರಿಸಿ, ಟೇಕಾಫಿಗೆ ಸೋಪಿನ ನೀರು ಹಚ್ಚಿ ಒತ್ತುವುದು. ಲ್ಯಾಟರಲ್ ಸಿಕ್ಕಿಸುವ ಮೊದಲು ಸಬ್‌ಮೇನ್ ತುದಿಯ ಫ್ಲಶ್ ವಾಲ್ವ್ ಬಿಟ್ಟು ಒಮ್ಮೆ ನೀರು ಓಡಿಸುವುದು. ಇದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಡ್ರಿಲ್ ಹಾಕಿದಾಗ ಬಿದ್ದ ಪ್ಲಾಸ್ಟಿಕ್ ಪುಡಿ ಪೈಪಿನೊಳಗೇ ಇರುತ್ತದೆ. ಓಡಿಸದೆ ಇದ್ದರೆ ಅದೆಲ್ಲ ಹೋಗಿ ಡ್ರಿಪ್ಪರ್‌ನಲ್ಲಿ ಕೂರುತ್ತದೆ.

ವೀಡಿಯೋ ನಾಲ್ಕು ನಿಮಿಷ ಬಂತು. ಕೊನೆಯಲ್ಲಿ ಅದೇ ಜಾಗ ಒಣಗಿರುವುದನ್ನು ತೋರಿಸಿ, ಕೈಯಲ್ಲಿ ಆ ಬಿಟ್ ಹಿಡಿದು, "ಈ ಬಿಟ್ ನಮ್ಮ ಅಂಗಡಿಯಲ್ಲಿದೆ. ಕೈ ಡ್ರಿಲ್ಲಿಗೂ ಆಗುತ್ತೆ. ಸೋರುವ ರಬ್ಬರ್ ಒಂದನ್ನು ಜೊತೆಗೆ ತನ್ನಿ, ನೋಡಿ ಸೈಜ್ ಹೇಳ್ತೀನಿ" ಅಂದೆ. ಬಸ್ ಇಳಿದ ಮೇಲೆ ಹೇಗೆ ಬರಬೇಕು, ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತೇವೆ, ಯಾವ ದಿನ ರಜೆ, ಇಷ್ಟು ಹೇಳಿ ನಿಲ್ಲಿಸಿದೆ.

ಒಂದು ತಿಂಗಳಿಗೆ ಅದನ್ನು ನೋಡಿದವರು ಸಾವಿರದ ಒಂಬೈನೂರು ಚಿಲ್ಲರೆ. ರೇನ್‌ಗನ್ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಆದರೆ ನೋಟ್‌ಬುಕ್‌ನಲ್ಲಿ ಆ ತಿಂಗಳು ವೀಡಿಯೋ ನೋಡಿ ಬಂದೆ ಅಂದ ಹೊಸಬರು ಇಪ್ಪತ್ತಮೂರು. ಅದರಲ್ಲಿ ಹತ್ತೊಂಬತ್ತು ಜನ ನಮ್ಮ ತಾಲ್ಲೂಕಿನವರೇ, ಉಳಿದವರು ಶ್ರೀನಿವಾಸಪುರ ಮತ್ತು ಶಿಡ್ಲಘಟ್ಟ ಕಡೆಯವರು. ಹೆಚ್ಚಿನವರ ಜೇಬಿನಲ್ಲಿ ಸೋರುವ ಒಂದು ರಬ್ಬರ್ ಇತ್ತು. ರಬ್ಬರ್ ತನ್ನಿ ಅಂದಿದ್ದು ಒಳ್ಳೆಯದೇ ಆಯಿತು. ಯಾರು ವೀಡಿಯೋ ನೋಡಿ ಬಂದವರು ಅಂತ ಕೇಳುವ ಮೊದಲೇ ಗೊತ್ತಾಗುತ್ತಿತ್ತು. ಬಿಟ್‌ಗೆ ಅಂತ ಬಂದವರು ಎಂಡ್ ಕ್ಯಾಪ್, ಜಾಯಿನರ್ ತೆಗೆದುಕೊಂಡರು. ಮೂವರು ಮುಂದಿನ ಬೆಳೆಗೆ ಪೂರ್ತಿ ಸೆಟ್ ಬರೆಸಿದರು.

ಅಲ್ಲಿಂದ ವಿಷಯ ಹುಡುಕುವುದು ಬಿಟ್ಟೆವು. ವಾರದಲ್ಲಿ ಕೌಂಟರ್‌ಗೆ ಎರಡು ಸಲ ಬಂದ ದೂರೇ ಆ ವಾರದ ವೀಡಿಯೋ.

ಹೆಸರು ಇಡುವುದರಲ್ಲೂ ಕಲಿತೆವು. ಮೊದಲು "ನಮ್ಮ ಅಂಗಡಿಯ ಹೊಸ ವೀಡಿಯೋ" ಅಂತ ಇಡುತ್ತಿದ್ದೆವು. ಹಾಗಂತ ಯಾರು ಹುಡುಕುತ್ತಾರೆ? ಸ್ಟುಡಿಯೋದಲ್ಲಿ ಟ್ರಾಫಿಕ್ ಸೋರ್ಸ್ ಒಳಗೆ ಯೂಟ್ಯೂಬ್ ಸರ್ಚ್ ಒತ್ತಿದರೆ, ಜನ ಯಾವ ಮಾತು ಟೈಪ್ ಮಾಡಿ ನಮ್ಮನ್ನು ತಲುಪಿದರು ಅಂತ ಕಾಣುತ್ತದೆ. ಕನ್ನಡದಲ್ಲಿ ಟೈಪ್ ಮಾಡಿದವರು ಕಡಿಮೆ. `drip pipe leakage kannada`, `drip filter cleaning kannada`, ಈ ಥರ ಇಂಗ್ಲಿಷ್ ಅಕ್ಷರದಲ್ಲೇ ಜಾಸ್ತಿ. ಅದಕ್ಕೆ ಈಗ ವೀಡಿಯೋದ ಹೆಸರು ಕನ್ನಡದಲ್ಲಿ, ಸಮಸ್ಯೆಯಿಂದಲೇ ಶುರು: "ಗ್ರೋಮೆಟ್ ಹತ್ತಿರ ನೀರು ಸೋರುತ್ತಿದೆಯಾ? ಚಿಂತಾಮಣಿ". ಕೆಳಗಿನ ವಿವರದಲ್ಲಿ ಜನ ಟೈಪ್ ಮಾಡುವ ಆ ಇಂಗ್ಲಿಷ್ ಮಾತು, ಊರಿನ ಹೆಸರು, ಅಂಗಡಿಗೆ ಬರುವ ದಾರಿ. ಊರಿನ ಹೆಸರನ್ನು ಬಾಯಲ್ಲೂ ಹೇಳುತ್ತೇನೆ, ಮೊದಲ ಹತ್ತು ಸೆಕೆಂಡಿನಲ್ಲೇ. ದೂರದವರು ಆಗಲೇ ಮುಂದಕ್ಕೆ ಹೋಗುತ್ತಾರೆ, ಹೋಗಲಿ. ನಮ್ಮವರು "ಓ, ನಮ್ಮ ಚಿಂತಾಮಣಿನೇ" ಅಂತ ನಿಲ್ಲುತ್ತಾರೆ.

ಶಾರ್ಟ್ಸ್ ಪೂರ್ತಿ ಬಿಟ್ಟಿಲ್ಲ. ಆದರೆ ಅದರಲ್ಲೊಂದು ತೊಂದರೆ ಇದೆ. ಶಾರ್ಟ್ಸ್‌ನ ವಿವರದಲ್ಲಾಗಲಿ ಕಾಮೆಂಟಿನಲ್ಲಾಗಲಿ ಲಿಂಕ್ ಹಾಕಿದರೆ ಒತ್ತಲು ಬರುವುದಿಲ್ಲ. 2023ರ ಆಗಸ್ಟ್ ಕೊನೆಯಿಂದ ಯೂಟ್ಯೂಬ್ ಹಾಗೆ ಮಾಡಿದೆ. ಇದು ಗೊತ್ತಿಲ್ಲದೆ ನಾವು ಎಷ್ಟೋ ಶಾರ್ಟ್ಸ್ ಕೆಳಗೆ ವಾಟ್ಸಾಪ್ ಲಿಂಕ್ ಹಾಕಿ ಕಾಯುತ್ತಿದ್ದೆವು. ಈಗ ಫೋನ್ ನಂಬರನ್ನು ವೀಡಿಯೋ ಮೇಲೆಯೇ ದೊಡ್ಡದಾಗಿ ಬರೆಯುತ್ತೇವೆ, ಮತ್ತು ಶಾರ್ಟ್ಸ್‌ಗೆ ರಿಲೇಟೆಡ್ ವೀಡಿಯೋ ಅಂತ ದೊಡ್ಡ ವೀಡಿಯೋವನ್ನು ಜೋಡಿಸುತ್ತೇವೆ. ದೊಡ್ಡ ವೀಡಿಯೋದ ವಿವರದಲ್ಲಿ ಲಿಂಕ್ ಕೆಲಸ ಮಾಡುತ್ತದೆ. ಹೊಸ ಚಾನೆಲ್ ಆದರೆ ಅದಕ್ಕೂ ಮೊದಲು ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಫೀಚರ್ಸ್ ಆನ್ ಆಗಿರಬೇಕು. ನಾವು ಹಾಕುವ ಲಿಂಕ್ ಹೀಗಿರುತ್ತದೆ, ಎಕ್ಸ್ ಇರುವ ಕಡೆ ಅಂಗಡಿಯ ನಂಬರ್:

```
https://wa.me/91XXXXXXXXXX?text=Nanna%20ooru
```

ಒತ್ತಿದರೆ ವಾಟ್ಸಾಪ್ ತೆರೆದು "Nanna ooru" ಅಂತ ಬರೆದಿರುತ್ತದೆ. ಅದರ ಮುಂದೆ ಅವರು ತಮ್ಮ ಊರಿನ ಹೆಸರು ಸೇರಿಸಿ ಕಳಿಸಬೇಕು. ಯೂಟ್ಯೂಬ್ ಹೇಳದೆ ಉಳಿಸಿದ್ದನ್ನು ರೈತರೇ ಹೇಳುತ್ತಾರೆ. ಬಂದ ನಂಬರುಗಳಿಗೆ ವಾಟ್ಸಾಪ್ ಬಿಸಿನೆಸ್‌ನಲ್ಲಿ ಲೇಬಲ್ ಹಾಕುತ್ತೇನೆ. ಕೈವಾರ ಕಡೆ, ಮುರುಗಮಲ್ಲ ಕಡೆ, ಚಿಲಕಲನೇರ್ಪು ಕಡೆ, ಹೀಗೆ ಬಸ್ಸಿನ ದಾರಿ ನೋಡಿ. ಯಜಮಾನರು ಯಾವತ್ತು ಯಾವ ಕಡೆ ಫಿಟ್ಟಿಂಗ್‌ಗೆ ಹೋಗುತ್ತಾರೋ, ಹಿಂದಿನ ಸಂಜೆ ಆ ಕಡೆಯವರಿಗೆ ಮಾತ್ರ ಬ್ರಾಡ್‌ಕಾಸ್ಟ್ ಕಳಿಸುತ್ತೇನೆ: "ನಾಳೆ ಕೈವಾರ ಕಡೆ ಬರ್ತಾ ಇದ್ದೀವಿ, ಏನಾದರೂ ಸಾಮಾನು ಬೇಕಿದ್ದರೆ ಹೇಳಿ". ಆ ಒಂದು ಸಾಲಿನಿಂದ ನಾಲ್ಕೈದು ಮನೆಯ ಸಾಮಾನು ಗಾಡಿಗೆ ಏರುತ್ತದೆ.

ಇದರಲ್ಲಿ ಎಡವುವ ಜಾಗ ಒಂದಿದೆ. ಬ್ರಾಡ್‌ಕಾಸ್ಟ್ ತಲುಪುವುದು ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ. ಮಾಡಿಕೊಳ್ಳದವರಿಗೆ ಹೋಗುವುದೇ ಇಲ್ಲ, ಹೋಗಲಿಲ್ಲ ಅಂತ ನಮಗೆ ಯಾರೂ ಹೇಳುವುದೂ ಇಲ್ಲ. ಒಂದೇ ಟಿಕ್‌ನಲ್ಲಿ ದಿನಗಟ್ಟಲೆ ನಿಂತ ಹೆಸರುಗಳನ್ನು ನೋಡಿ ನನಗೆ ಅನುಮಾನ ಬಂದಿದ್ದು. ಈಗ ಬಿಲ್ ಕೊಡುವಾಗಲೇ "ಅಣ್ಣ, ನಂಬರ್ ಸೇವ್ ಮಾಡ್ಕೊಳ್ಳಿ, ನಿಮ್ಮ ಕಡೆ ಬರುವಾಗ ಹೇಳ್ತೀನಿ" ಅನ್ನುತ್ತೇನೆ. ಗೊತ್ತಾಗದವರಿಗೆ ನಮ್ಮ ಹುಡುಗ ಮಾಡಿಕೊಡುತ್ತಾನೆ. ವಾಟ್ಸಾಪ್ ಚಾನೆಲ್ ಕೂಡ ಮಾಡಿ ನೋಡಿದೆವು. ಅದರಲ್ಲಿ ಜನ ನಮ್ಮ ಪೋಸ್ಟ್ ನೋಡುತ್ತಾರೆ, ಆದರೆ ತಿರುಗಿ ಪ್ರಶ್ನೆ ಕೇಳಿ ಬರೆಯಲು ಆಗುವುದಿಲ್ಲ. ನಮ್ಮದು ಪ್ರಶ್ನೆಯಿಂದಲೇ ನಡೆಯುವ ವ್ಯಾಪಾರ. ಎರಡು ತಿಂಗಳಿಗೆ ನಿಲ್ಲಿಸಿದೆ.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಬರಬೇಕಿತ್ತು, ಯಾಕೆಂದರೆ ವೀಡಿಯೋ ನೋಡಿ ಬಂದವರು ದೊಡ್ಡ ರಸ್ತೆಯಲ್ಲಿ ನಿಂತು ಫೋನು ಮಾಡುತ್ತಿದ್ದರು. ಬಿಸಿನೆಸ್ ಪ್ರೊಫೈಲ್ ಮಾಡಿದಾಗ ವೀಡಿಯೋ ತೆಗೆದು ಕಳಿಸಿ ಅಂತ ಕೇಳಿತು. ನಾವು ಒಳಗಿನ ಸಾಮಾನು ಮಾತ್ರ ತೋರಿಸಿ ಕಳಿಸಿದೆವು, ಒಪ್ಪಲಿಲ್ಲ. ಎರಡನೇ ಸಲ ರಸ್ತೆಯಿಂದ ನಡೆದು ಬಂದು, ಅಕ್ಕಪಕ್ಕದ ಅಂಗಡಿ, ನಮ್ಮ ಬೋರ್ಡು, ನಾನೇ ಬೀಗ ತೆಗೆದು ಶಟರ್ ಎತ್ತುವುದು, ಒಳಗಿನ ಬಿಲ್ ಬುಕ್, ಎಲ್ಲ ಒಂದೇ ಓಟದಲ್ಲಿ ನಿಲ್ಲಿಸದೆ ತೆಗೆದು ಕಳಿಸಿದೆವು. ಒಪ್ಪಿತು.

ಬೆಲೆಯ ವಿಷಯದಲ್ಲಿ ನಾನು ತಪ್ಪು ಮಾಡಿದೆ, ಅದನ್ನೂ ಹೇಳಬೇಕು. ಒಂದು ವೀಡಿಯೋದಲ್ಲಿ ಪಿವಿಸಿ ಪೈಪಿನ ಬೆಲೆ ಬಾಯಲ್ಲೇ ಹೇಳಿಬಿಟ್ಟಿದ್ದೆ. ಪೈಪಿನ ಬೆಲೆ ನಿಲ್ಲುವಂಥದ್ದಲ್ಲ. ನಾಲ್ಕು ತಿಂಗಳಾದ ಮೇಲೆ ಒಬ್ಬರು ಫೋನು ಹಿಡಿದು ಬಂದು "ನೀವೇ ಹೇಳಿದ್ದೀರಲ್ಲಮ್ಮ, ಕೊಡಿ" ಅಂದರು. ನಲವತ್ತು ಪೈಪು. ದೂರದಿಂದ ಗಾಡಿ ಬಾಡಿಗೆ ಮಾಡಿಕೊಂಡು ಬಂದಿದ್ದರು. ಆ ಬೆಲೆಗೇ ಕೊಟ್ಟೆ, ಕೈಯಿಂದ ಹೋಯಿತು. ಯೂಟ್ಯೂಬ್‌ನಲ್ಲಿ ಹಾಕಿದ ವೀಡಿಯೋ ಬದಲಾಯಿಸಲು ಬರುವುದಿಲ್ಲ. ಆದರೆ ಕಂಪ್ಯೂಟರ್‌ನಲ್ಲಿ ಸ್ಟುಡಿಯೋದ ಎಡಿಟರ್ ತೆರೆದು ಆ ತುಂಡನ್ನು ಮಾತ್ರ ಕತ್ತರಿಸಬಹುದು. ಹಾಗೆ ಮಾಡಿದೆವು. ಈಗ ಚಾನೆಲ್‌ನಲ್ಲಿ ಬೆಲೆ ಇರುವುದಿಲ್ಲ. ಬೆಲೆ ಹೇಳುವುದು ವಾಟ್ಸಾಪ್ ಸ್ಟೇಟಸ್‌ನಲ್ಲಿ. ಇಪ್ಪತ್ತನಾಲ್ಕು ಗಂಟೆಗೆ ಅದು ತಾನಾಗಿಯೇ ಹೋಗುತ್ತದೆ.

ಇನ್ನೊಂದನ್ನು ಬೇಕೆಂದೇ ಮಾಡಿಲ್ಲ. ನಮ್ಮ ಕಡೆ ಬೋರ್‌ವೆಲ್ ನೀರು ಗಡುಸು. ಡ್ರಿಪ್ಪರ್‌ನಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಅದಕ್ಕೆ ಆಸಿಡ್ ಬಿಡುವುದನ್ನು ತೋರಿಸಿ ಅಂತ ಬಹಳ ಜನ ಕೇಳುತ್ತಾರೆ. ಹಾಕಿದರೆ ಜನ ಚೆನ್ನಾಗಿ ನೋಡುತ್ತಾರೆ, ಗೊತ್ತು. ಆದರೆ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಸುರಿಯಬಾರದು ಅನ್ನುವ ಒಂದು ಮಾತನ್ನು ಯಾರಾದರೂ ಮುಂದಕ್ಕೆ ಓಡಿಸಿ ನೋಡಿದರೆ ಕಣ್ಣೇ ಹೋಗಬಹುದು. ನೀರು ಪರೀಕ್ಷೆ ಮಾಡಿಸದೆ ಎಷ್ಟು ಬಿಡಬೇಕು ಅಂತಲೂ ಹೇಳಲಾಗುವುದಿಲ್ಲ. ಅಂಥವರಿಗೆ ಯಜಮಾನರೇ ಹೊಲಕ್ಕೆ ಹೋಗಿ ಎದುರಿಗೆ ನಿಂತು ಮಾಡಿಸುತ್ತಾರೆ.

ಚಾನೆಲ್‌ನಿಂದ ಆಗದ್ದೂ ಇದೆ. ಟೊಮೆಟೊ ಬೆಲೆ ಬಿದ್ದ ತಿಂಗಳು ಎಷ್ಟು ವೀಡಿಯೋ ಹಾಕಿದರೂ ಯಾರೂ ಬರುವುದಿಲ್ಲ. ಬಾಕ್ಸಿಗೆ ಕೂಲಿಯೂ ಹುಟ್ಟದಿದ್ದಾಗ ಫಿಲ್ಟರ್ ಯಾರು ಕೊಳ್ಳುತ್ತಾರೆ? ಆ ತಿಂಗಳು ಇರುವ ಸಾಮಾನನ್ನೇ ರಿಪೇರಿ ಮಾಡಿಕೊಳ್ಳುವ ವೀಡಿಯೋ ಮಾಡುತ್ತೇವೆ. ಹಳೇ ಲ್ಯಾಟರಲ್ ಸುತ್ತಿಡುವುದು, ಇಲಿ ಕಡಿದ ಕಡೆ ಜಾಯಿನರ್ ಹಾಕುವುದು. ಜಾಯಿನರ್ ಮಾರಿ ದೊಡ್ಡ ಲಾಭವೇನೂ ಬರುವುದಿಲ್ಲ. ಆದರೆ ಆ ತಿಂಗಳು ಜಾಯಿನರ್‌ಗೆ ಅಂತ ಬಂದ ಹೆಸರುಗಳೇ, ಬೆಲೆ ಬಂದ ಮೇಲೆ ಸೆಟ್ ಬರೆಸುವವರ ಪುಟದಲ್ಲೂ ಸಿಗುತ್ತವೆ.

ನೋಟ್‌ಬುಕ್ ಈಗ ಮೂರನೆಯದು. ನಿನ್ನೆ ಚಿಲಕಲನೇರ್ಪು ಕಡೆಯಿಂದ ಒಂದು ವಾಯ್ಸ್ ಮೆಸೇಜ್ ಬಂತು. "ಅಕ್ಕ, ಫಿಲ್ಟರ್ ತೊಳೆದ ಮಾರನೇ ದಿನಕ್ಕೇ ಮತ್ತೆ ಕಟ್ಕೊಳ್ತಾ ಇದೆ, ಯಾಕೆ?" ಸೋಮವಾರ ಕೈವಾರದವರೊಬ್ಬರು ಇದನ್ನೇ ಕೇಳಿದ್ದರು. ಎರಡು ಸಲ ಆಯಿತು. ನಾಳೆ ಅವರ ಹೊಲಕ್ಕೇ ಹೋಗುತ್ತೇವೆ. ಅಲ್ಲಿ ತ್ರೀ ಫೇಸ್ ಕರೆಂಟ್ ಬೆಳಿಗ್ಗೆ ಆರಕ್ಕೆ ಬರುತ್ತದಂತೆ. ಮೋಟಾರು ಓಡುವಾಗ ಫಿಲ್ಟರಿನ ಎರಡು ಕಡೆ ಪ್ರೆಷರ್ ಎಷ್ಟಿದೆ ಅಂತ ಗೇಜ್ ತೋರಿಸಬೇಕು. ಐದು ಗಂಟೆಗೆ ಹೊರಡು ಅಂತ ಹುಡುಗನಿಗೆ ಹೇಳಿದ್ದೇನೆ. ಮೊಬೈಲು ಚಾರ್ಜಿಗೆ ಹಾಕಿ ಮಲಗಿದ್ದಾನೆ.